‘ವೆನ್’ ಬಂದಾಗ ‘ವಿಲ್’ ಯಾಕೆ ಬರುವುದಿಲ್ಲ?

ಆಸ್ಪತ್ರೆಯ ವಾರ್ಡಿನಲ್ಲಿ ಅಮ್ಮ ಮಲಗಿದ್ದಾರೆ, ಮಗ ಔಷಧಿ ತರಲು ಕೆಳಗಿನ ಅಂಗಡಿಗೆ ಹೋಗಬೇಕು ಎಂದಿಟ್ಟುಕೊಳ್ಳಿ. ಡ್ಯೂಟಿಯಲ್ಲಿರುವ ನರ್ಸಿಗೆ ಕನ್ನಡ ಬಾರದು. ಹಾಗಾಗಿ ಅವನು ಇಂಗ್ಲಿಷಿನಲ್ಲಿ ಹೇಳುತ್ತಾನೆ: ‘ಸಿಸ್ಟರ್, ಪ್ಲೀಸ್ ಟೆಲ್ ಮಿ ವೆನ್ ದಿ ಡಾಕ್ಟರ್ ವಿಲ್ ಕಮ್.’ ಡಾಕ್ಟರ್ ಬಂದ ತಕ್ಷಣ ತನಗೊಂದು ಫೋನ್ ಮಾಡಲಿ ಎಂಬುದು ಅವನ ಆಸೆ. ನರ್ಸ್ ಗಡಿಯಾರ ನೋಡಿ, ‘ಅಟ್ ಇಲೆವೆನ್’ ಎಂದು ಹೇಳಿ ಮುಂದಿನ ಹಾಸಿಗೆಯತ್ತ ನಡೆಯುತ್ತಾಳೆ. ಡಾಕ್ಟರ್ ಹತ್ತೂವರೆಗೇ ಬಂದು ನೋಡಿಕೊಂಡು ಹೋಗುತ್ತಾರೆ. ಮಗನಿಗೆ ಯಾರೂ ಹೇಳುವುದಿಲ್ಲ.

ಇದರಲ್ಲಿ ನರ್ಸಿನ ತಪ್ಪೇನೂ ಇಲ್ಲ. ಅವನು ಆಡಿದ ವಾಕ್ಯದ ಅರ್ಥ ‘ಡಾಕ್ಟರ್ ಯಾವಾಗ ಬರುತ್ತಾರೆ ಹೇಳಿ’ ಎಂದೇ. ಅದಕ್ಕೆ ಅವಳು ಸರಿಯಾದ ಉತ್ತರವನ್ನೇ ಕೊಟ್ಟಳು. ಅವನಿಗೆ ಬೇಕಾಗಿದ್ದದ್ದು ‘ಡಾಕ್ಟರ್ ಬಂದಾಗ ಹೇಳಿ’ ಎಂಬ ಮಾತು. ಅದನ್ನು ಇಂಗ್ಲಿಷಿನಲ್ಲಿ ‘ಟೆಲ್ ಮಿ ವೆನ್ ದಿ ಡಾಕ್ಟರ್ ಕಮ್ಸ್’ ಎನ್ನಬೇಕು. ಎರಡು ವಾಕ್ಯಗಳಿಗೂ ಇರುವ ವ್ಯತ್ಯಾಸ ಒಂದು ‘ವಿಲ್’ ಮಾತ್ರ.

ಶಾಲೆಯಲ್ಲಿ ಇದನ್ನು ಒಂದು ನಿಯಮವಾಗಿ ಬಾಯಿಪಾಠ ಮಾಡಿಸುತ್ತಾರೆ: ‘ವೆನ್’, ‘ಬಿಫೋರ್’, ‘ಆಸ್ ಸೂನ್ ಆಸ್’, ‘ಅಂಟಿಲ್’, ‘ಆಫ್ಟರ್’ ಇವುಗಳ ನಂತರ ‘ವಿಲ್’ ಹಾಕಬಾರದು. ಮಕ್ಕಳು ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಾರೆ, ಆಮೇಲೆ ಮರೆಯುತ್ತಾರೆ. ಯಾಕೆ ಹಾಕಬಾರದು ಎಂದು ಯಾರೂ ಹೇಳದೇ ಹೋದರೆ ಮರೆಯದೆ ಇನ್ನೇನು ಮಾಡಿಯಾರು? ನಾಳೆ ನಡೆಯುವ ಕೆಲಸಕ್ಕೆ ‘ವಿಲ್’ ಬೇಕು ಎಂದು ಮೂರನೇ ಪಾಠದಲ್ಲಿ ಕಲಿಸಿ, ನಾಳೆಯದೇ ಕೆಲಸಕ್ಕೆ ‘ವಿಲ್’ ಬೇಡ ಎಂದು ಹತ್ತನೇ ಪಾಠದಲ್ಲಿ ಹೇಳಿದರೆ ಅದು ಮಕ್ಕಳಿಗೆ ಅನ್ಯಾಯದಂತೆಯೇ ಕಾಣುತ್ತದೆ.

ಕಾರಣ ತಿಳಿಯಲು ಒಂದು ಸಣ್ಣ ವಾಕ್ಯ ಸಾಕು. ‘ವೆನ್ ಐ ರೀಚ್ ಧಾರವಾಡ, ಐ ವಿಲ್ ಕಾಲ್ ಯು.’ ಧಾರವಾಡ ತಲುಪಿದಾಗ ಫೋನ್ ಮಾಡುತ್ತೇನೆ. ಇದರಲ್ಲಿ ಮುಂದೆ ನಡೆಯಬೇಕಾದ ಸಂಗತಿಗಳು ಎರಡಿವೆ, ತಲುಪುವುದು ಮತ್ತು ಫೋನ್ ಮಾಡುವುದು. ಆದರೆ ಮಾತಾಡುವವರು ಆ ಎರಡನ್ನೂ ಒಂದೇ ರೀತಿ ಹೇಳುತ್ತಿಲ್ಲ. ಫೋನ್ ಮಾಡುವುದನ್ನು ಅವರು ಮಾತು ಕೊಟ್ಟು ಹೇಳುತ್ತಿದ್ದಾರೆ. ತಲುಪುವುದನ್ನು ಹಾಗೆ ಹೇಳುತ್ತಿಲ್ಲ, ಅದು ಆಗಿಯೇ ಆಗುತ್ತದೆ ಎಂದು ಇಬ್ಬರೂ ಒಪ್ಪಿಕೊಂಡಂತೆ ಪಕ್ಕಕ್ಕಿಟ್ಟಿದ್ದಾರೆ. ತಲುಪುವುದು ಗೋಡೆಯ ಗೂಟ, ಫೋನು ಅದಕ್ಕೆ ನೇತುಹಾಕಿದ ಚೀಲ.

ಇದನ್ನು ಪರೀಕ್ಷಿಸಿಯೂ ನೋಡಬಹುದು. ಅದೇ ವಾಕ್ಯವನ್ನು ಅಲ್ಲಗಳೆದು ‘ವೆನ್ ಐ ರೀಚ್ ಧಾರವಾಡ, ಐ ವಿಲ್ ನಾಟ್ ಕಾಲ್ ಯು’ ಎನ್ನಿ. ಫೋನು ಹೋಯಿತು, ಆದರೆ ಧಾರವಾಡ ತಲುಪುವುದು ಹಾಗೇ ಉಳಿಯಿತು. ಪ್ರಶ್ನೆಯಾಗಿ ಕೇಳಿ: ‘ವಿಲ್ ಯು ಕಾಲ್ ಮಿ ವೆನ್ ಯು ರೀಚ್ ಧಾರವಾಡ?’ ಸಂಶಯವಿರುವುದು ಫೋನಿನ ಬಗ್ಗೆಯೇ ಹೊರತು ತಲುಪುವುದರ ಬಗ್ಗೆ ಅಲ್ಲ. ವಾಕ್ಯವನ್ನು ಹೇಗೆ ತಿರುಗಿಸಿದರೂ ‘ವೆನ್’ ಭಾಗ ಅಲುಗಾಡುವುದಿಲ್ಲ.

‘ವಿಲ್’ ಮಾಡುವ ಕೆಲಸ ಬೇರೆಯೇ. ಮುಂದೆ ಹೀಗಾಗುತ್ತದೆ ಎಂದು ಮಾತಾಡುವವರು ತಮ್ಮ ಹೊಣೆಯಲ್ಲಿ ಹೇಳುವುದಕ್ಕೆ ಅದು ಬೇಕು. ಭರವಸೆ ಕೊಡುವಾಗ, ಅಂದಾಜು ಮಾಡುವಾಗ, ಆಗಲೇ ಒಂದು ತೀರ್ಮಾನಕ್ಕೆ ಬಂದಾಗ ‘ವಿಲ್’ ಬರುತ್ತದೆ. ‘ವೆನ್’ ಭಾಗದಲ್ಲಿ ಭರವಸೆಯೂ ಇಲ್ಲ, ಅಂದಾಜೂ ಇಲ್ಲ. ಇಡೀ ವಾಕ್ಯ ನಾಳೆಯದು ಎಂದು ತಿಳಿಸಲು ಫೋನಿನ ಪಕ್ಕದ ‘ವಿಲ್’ ಒಂದೇ ಸಾಕು.

ಈಗ ಆಸ್ಪತ್ರೆಯ ವಾಕ್ಯವನ್ನು ಮತ್ತೆ ನೋಡಿದರೆ ಅಲ್ಲಿ ‘ವಿಲ್’ ಬಂದರೆ ಅರ್ಥ ಯಾಕೆ ಬದಲಾಯಿತು ಎಂಬುದು ತಾನಾಗಿ ತಿಳಿಯುತ್ತದೆ. ‘ಟೆಲ್ ಮಿ ವೆನ್ ದಿ ಡಾಕ್ಟರ್ ವಿಲ್ ಕಮ್’ ಎಂದಾಗ ಡಾಕ್ಟರ್ ಬರುವ ಹೊತ್ತು ಗೊತ್ತಿರುವ ಸಂಗತಿಯಲ್ಲ, ಕೇಳುತ್ತಿರುವುದೇ ಅದನ್ನು. ಅಂದಾಜು ಬೇಕಾಗಿರುವುದೇ ಅಲ್ಲಿ. ಆದ್ದರಿಂದ ‘ವಿಲ್’ ಅಲ್ಲಿಗೆ ಹಕ್ಕಿನಿಂದಲೇ ಬರುತ್ತದೆ. ‘ಐ ಡೋಂಟ್ ನೋ ವೆನ್ ದಿ ಬಸ್ ವಿಲ್ ಕಮ್’ ಎಂಬುದೂ ಅಷ್ಟೇ ಸರಿಯಾದ ಇಂಗ್ಲಿಷ್. ‘ವೆನ್’ ನಂತರ ‘ವಿಲ್’ ಕೂಡದು ಎಂದು ಗಟ್ಟಿಯಾಗಿ ಕಲಿತ ಕೆಲವರು ಇದನ್ನೂ ತಿದ್ದಲು ಹೋಗಿ ಕೆಡಿಸುತ್ತಾರೆ. ಮೊದಲ ತಪ್ಪಿಗಿಂತ ಇದು ಹೆಚ್ಚು ಬೇಸರ ತರಿಸುತ್ತದೆ, ಏಕೆಂದರೆ ಇದು ನಿಷ್ಠೆಯಿಂದ ಓದಿದವರು ಮಾಡುವ ತಪ್ಪು.

ಹಾಗಾದರೆ ಎರಡು ‘ವೆನ್’ಗಳನ್ನು ಬೇರ್ಪಡಿಸುವುದು ಹೇಗೆ? ಇಲ್ಲಿ ಕನ್ನಡಿಗರಿಗೆ ಒಂದು ದೊಡ್ಡ ಅನುಕೂಲವಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ನಮ್ಮಲ್ಲಿ ಎರಡು ಬೇರೆ ಬೇರೆ ರೂಪ. ವಾಕ್ಯವನ್ನು ಕನ್ನಡದಲ್ಲಿ ಅಂದುಕೊಂಡಾಗ ‘ಯಾವಾಗ ಬರುತ್ತಾರೆ’ ಎಂದು ಬಂದರೆ ‘ವಿಲ್’ ಇರಲಿ. ‘ಬಂದಾಗ’, ‘ಬಂದ ಕೂಡಲೇ’, ‘ಬಂದ ಮೇಲೆ’ ಎಂದು ಬಂದರೆ ‘ವಿಲ್’ ಬೇಡ. ‘ಬಂದಾಗ’ ಎಂಬ ಮಾತನ್ನೇ ಗಮನಿಸಿ. ನಾಳೆ ಬರುವವರ ಬಗ್ಗೆ ಹೇಳುತ್ತಿದ್ದರೂ ನಾವು ‘ಬಂದ’ ಎಂಬ ಭೂತಕಾಲದ ರೂಪವನ್ನೇ ಬಳಸುತ್ತೇವೆ, ಯಾರಿಗೂ ಅದು ವಿಚಿತ್ರವೆನಿಸುವುದಿಲ್ಲ. ಆ ಭಾಗದಲ್ಲಿ ಕನ್ನಡವೂ ಭವಿಷ್ಯವನ್ನು ಹೇಳುವುದಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಎಂದಷ್ಟೇ ಹೇಳುತ್ತದೆ. ನಾಳೆಯೋ ನಿನ್ನೆಯೋ ಎಂಬುದನ್ನು ಕೊನೆಯ ಕ್ರಿಯಾಪದಕ್ಕೆ ಬಿಡುತ್ತದೆ: ‘ಬಂದಾಗ ಹೇಳಿದೆ’, ‘ಬಂದಾಗ ಹೇಳುತ್ತೇನೆ’.

‘ಬಿಫೋರ್’ನದೂ ಇದೇ ಕತೆ, ಆದರೆ ಅಲ್ಲಿ ಕಾಲು ಜಾರುವ ಸಂಭವ ಹೆಚ್ಚು. ‘ಹೊರಡುವ ಮುಂಚೆ’ ಎನ್ನುವಾಗ ‘ಹೊರಡುವ’ ಎಂಬುದು ಭವಿಷ್ಯದಂತೆ ಕಾಣುತ್ತದೆ, ಅದರ ಬೆನ್ನಿಗೇ ‘ಬಿಫೋರ್ ಐ ವಿಲ್ ಲೀವ್’ ಎಂದು ಬರುತ್ತದೆ. ಆದರೆ ‘ನಿನ್ನೆ ಹೊರಡುವ ಮುಂಚೆ ಗ್ಯಾಸ್ ಆಫ್ ಮಾಡಿದೆ’ ಎಂದೂ ನಾವು ಹೇಳುತ್ತೇವಲ್ಲ. ನಿನ್ನೆಗೆ ಎಂಥ ಭವಿಷ್ಯ? ಗ್ಯಾಸ್ ಆಫ್ ಮಾಡುವ ಹೊತ್ತಿಗೆ ಹೊರಡುವುದು ಇನ್ನೂ ಆಗಿರಲಿಲ್ಲ ಎಂದಷ್ಟೇ ಆ ‘ಹೊರಡುವ’ ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಬಿಫೋರ್’ ಎಂಬ ಪದವೇ ಪೂರ್ತಿ ಮಾಡುವುದರಿಂದ ‘ಬಿಫೋರ್ ಐ ಲೀವ್’ ಎಂದರೆ ಮುಗಿಯಿತು. ‘ಬರುವಾಗ ಹಾಲು ತನ್ನಿ’ ಎಂಬಲ್ಲಿಯೂ ಹಾಗೆಯೇ: ‘ಬ್ರಿಂಗ್ ಮಿಲ್ಕ್ ವೆನ್ ಯು ಕಮ್.’

ಕನ್ನಡದ ಈ ಪರೀಕ್ಷೆ ಕೈಕೊಡುವ ಒಂದು ಜಾಗವೂ ಇದೆ. ‘ಅವರು ಯಾವಾಗ ಬರುತ್ತಾರೋ ಆಗ ಕೊಡುತ್ತೇನೆ’ ಎಂಬ ಧಾಟಿಯಲ್ಲಿ ಯೋಚಿಸಿದರೆ ‘ಯಾವಾಗ’ ಬಂದುಬಿಡುತ್ತದೆ, ಆದರೆ ಅದು ಪ್ರಶ್ನೆಯಲ್ಲ. ಕೊನೆಯಲ್ಲಿ ‘ಓ’ ಸೇರಿ, ಹಿಂದೆಯೇ ‘ಆಗ’ ಬಂದಿದ್ದರೆ ಅದನ್ನು ‘ಬಂದಾಗ ಕೊಡುತ್ತೇನೆ’ ಎಂದು ಬದಲಿಸಿ ನೋಡಬೇಕು. ಹಾಗೆ ಬದಲಿಸಲು ಬಂದರೆ ‘ವಿಲ್’ ಬೇಡ. ಹಿಂದಿ ಮಾತಾಡುವವರಿಗೆ ಈ ತಪ್ಪು ಇನ್ನೂ ಸಹಜ. ಅವರ ‘ಜಬ್ ಆಊಂಗಾ, ತಬ್ ದೂಂಗಾ’ ಎಂಬ ವಾಕ್ಯದಲ್ಲಿ ಎರಡೂ ಕಡೆ ಭವಿಷ್ಯವೇ ಇದೆ. ಫ್ರೆಂಚರೂ ಎರಡೂ ಕಡೆ ಭವಿಷ್ಯವನ್ನೇ ಬಳಸುತ್ತಾರೆ. ಆದ್ದರಿಂದ ‘ವೆನ್ ಐ ವಿಲ್ ಕಮ್’ ಎಂದವರ ಯೋಚನೆಯಲ್ಲಿ ತರ್ಕವಿಲ್ಲ ಎನ್ನಲಾಗದು, ಅದು ಇಂಗ್ಲಿಷ್ ಹಿಡಿದ ದಾರಿ ಅಲ್ಲ ಅಷ್ಟೇ.

ಇಂಗ್ಲಿಷ್ ಈ ದಾರಿ ಹಿಡಿದದ್ದಕ್ಕೆ ಅದರ ಇತಿಹಾಸವೂ ಕಾರಣ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಭವಿಷ್ಯದ ರೂಪವೇ ಇರಲಿಲ್ಲ. ಭೂತ ಮತ್ತು ವರ್ತಮಾನ ಎರಡೇ ಇದ್ದವು, ನಾಳೆಯ ಮಾತಿಗೂ ವರ್ತಮಾನವನ್ನೇ ಬಳಸುತ್ತಿದ್ದರು. ‘ವಿಲ್’ ಎಂದರೆ ಆಗ ಬಯಸು, ಇಚ್ಛಿಸು ಎಂದು. ಆಸ್ತಿಯ ಉಯಿಲು ಎನ್ನುವಾಗ ನಮ್ಮ ಬಾಯಿಗೆ ಬರುವುದು ಆ ಇಚ್ಛೆಯ ‘ವಿಲ್’ ಪದವೇ. ಬಯಕೆಯಿಂದ ಸಂಕಲ್ಪಕ್ಕೆ, ಸಂಕಲ್ಪದಿಂದ ಬರಿಯ ಭವಿಷ್ಯಕ್ಕೆ ಆ ಪದ ನಿಧಾನವಾಗಿ ಸರಿಯಿತು. ಯಾರು ಏನು ಮಾಡುತ್ತಾರೆ ಎಂದು ಹೇಳುವ ಮುಖ್ಯ ವಾಕ್ಯದಲ್ಲಿ ಅದು ಬೇರೂರಿತು, ಹೊತ್ತನ್ನು ಗುರುತಿಸುವ ಭಾಗದಲ್ಲಿ ಹಳೆಯ ಪದ್ಧತಿಯಂತೆ ವರ್ತಮಾನವೇ ಉಳಿಯಿತು. ನಡುವಿನ ಕಾಲದಲ್ಲಿ ಅಲ್ಲಿಗೂ ‘ಶಲ್’ ನುಗ್ಗಿದ್ದುಂಟು, 1611ರ ಇಂಗ್ಲಿಷ್ ಬೈಬಲಿನಲ್ಲಿ ‘ವೆನ್’ ಜೊತೆ ‘ಶಲ್’ ಧಾರಾಳವಾಗಿ ಸಿಗುತ್ತದೆ. ಇವತ್ತಿನ ಮಾತಿನಲ್ಲಿ ಅದಿಲ್ಲ.

ಬಳಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ವಿಲ್’ ತೆಗೆದ ಜಾಗದಲ್ಲಿ ಯಾವಾಗಲೂ ಸಾದಾ ವರ್ತಮಾನವೇ ಬರಬೇಕೆಂದಿಲ್ಲ. ಆಫೀಸಿನ ಒಂದು ಮೇಲ್ ತೆಗೆದುಕೊಳ್ಳೋಣ: ‘ಆಸ್ ಸೂನ್ ಆಸ್ ಐ ವಿಲ್ ರಿಸೀವ್ ದಿ ಫೈಲ್, ಐ ವಿಲ್ ಚೆಕ್ ಇಟ್. ವೆನ್ ಐ ವಿಲ್ ಚೆಕ್ ಇಟ್, ಐ ವಿಲ್ ಸೆಂಡ್ ಇಟ್ ಟು ಯು.’ ಮೊದಲ ವಾಕ್ಯಕ್ಕೆ ‘ಆಸ್ ಸೂನ್ ಆಸ್ ಐ ರಿಸೀವ್ ದಿ ಫೈಲ್’ ಸಾಕು, ಫೈಲ್ ಕೈಗೆ ಬರುವುದು ಒಂದು ಕ್ಷಣದ ಕೆಲಸ. ಎರಡನೆಯದರಲ್ಲಿ ‘ವೆನ್ ಐ ಚೆಕ್ ಇಟ್’ ಎಂದರೆ ಪರಿಶೀಲಿಸುತ್ತಿರುವಾಗಲೇ ಕಳಿಸುವಂತೆ ಕೇಳಿಸುತ್ತದೆ. ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಅದು ಮುಗಿದ ಮೇಲೆಯೇ ಕಳಿಸಬೇಕು. ಆದ್ದರಿಂದ ‘ವೆನ್ ಐ ಹ್ಯಾವ್ ಚೆಕ್ಡ್ ಇಟ್’ ಎನ್ನಬೇಕು. ಕನ್ನಡದಲ್ಲಿ ‘ನೋಡಿ ಮುಗಿಸಿದ ಮೇಲೆ’ ಎಂದು ಒತ್ತಿ ಹೇಳಬೇಕೆನಿಸಿದ ಕಡೆಯಲ್ಲೆಲ್ಲ ಈ ‘ಹ್ಯಾವ್’ ರೂಪ ಹೊಂದುತ್ತದೆ.

ಮಾತನ್ನು ವರದಿ ಮಾಡುವಾಗಲೂ ಇದೇ ಕ್ರಮ ಮುಂದುವರಿಯುತ್ತದೆ. ಧಾರವಾಡಕ್ಕೆ ಹೋದವರ ಮಾತನ್ನು ಮನೆಯಲ್ಲಿ ಹೇಳಬೇಕಾದರೆ ‘ಹಿ ಸೆಡ್ ಹಿ ವುಡ್ ಕಾಲ್ ವೆನ್ ಹಿ ರೀಚ್ಡ್ ಧಾರವಾಡ’. ‘ವಿಲ್’ ಇದ್ದಲ್ಲಿ ‘ವುಡ್’ ಬಂತು, ‘ವಿಲ್’ ಇಲ್ಲದಲ್ಲಿ ‘ವುಡ್’ ಕೂಡ ಇಲ್ಲ.

‘ಬಿಫೋರ್’ ಮತ್ತು ‘ಆಸ್ ಸೂನ್ ಆಸ್’ಗೆ ಪ್ರಶ್ನೆಯ ಅರ್ಥವೇ ಇಲ್ಲದ್ದರಿಂದ ಅವುಗಳಲ್ಲಿ ಗೊಂದಲಕ್ಕೆ ಎಡೆಯಿಲ್ಲ. ‘ವೆನ್’ಗೆ ಮಾತ್ರ ಪ್ರಶ್ನೆಯಲ್ಲದೆ ಇನ್ನೂ ಒಂದು ಮುಖವಿದೆ. ‘ಪ್ಲೀಸ್ ಕಮ್ ಆನ್ ಮಂಡೇ, ವೆನ್ ದಿ ಮ್ಯಾನೇಜರ್ ವಿಲ್ ಬಿ ಇನ್ ದಿ ಆಫೀಸ್.’ ಸೋಮವಾರ ಬನ್ನಿ, ಅವತ್ತು ಮ್ಯಾನೇಜರ್ ಇರುತ್ತಾರೆ. ಇಲ್ಲಿ ದಿನವನ್ನು ಮೊದಲೇ ಹೇಳಿಯಾಗಿದೆ, ‘ವೆನ್’ ಆ ದಿನದ ಬಗ್ಗೆ ಹೊಸ ಸುದ್ದಿಯೊಂದನ್ನು ಸೇರಿಸುತ್ತಿದೆ. ಮ್ಯಾನೇಜರ್ ಇರುತ್ತಾರೆ ಎಂಬುದು ಇಲ್ಲಿ ಹೇಳುವವರು ಕೊಡುತ್ತಿರುವ ಭರವಸೆ, ಆದ್ದರಿಂದ ‘ವಿಲ್’ ಸರಿ. ಬರವಣಿಗೆಯಲ್ಲಿ ಇದನ್ನು ಹಿಡಿದುಕೊಡುವುದು ‘ವೆನ್’ಗೆ ಮುಂಚೆ ಬರುವ ಅಲ್ಪವಿರಾಮ, ಮಾತಿನಲ್ಲಿ ಅದೇ ಜಾಗದ ಒಂದು ಸಣ್ಣ ನಿಲುಗಡೆ.