ಕಾಂಕ್ರೀಟ್ ಮೇಲಿನ ಆಯಿಲ್ ಕಲೆಯನ್ನು ಆ್ಯಸಿಡ್ ತೆಗೆಯುತ್ತದೆಯೇ?

ಬೈಕ್ ನಿಲ್ಲಿಸುವ ಜಾಗದಲ್ಲಿ ಬಿದ್ದ ಕಪ್ಪು ಆಯಿಲ್ ಕಲೆಯ ಮೇಲೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುತ್ತಾರೆ. ಬುರುಬುರು ನೊರೆ ಏಳುತ್ತದೆ. ನೀರು ಹಾಕಿದ ಮೇಲೆ ನೆಲ ಬೆಳ್ಳಗೆ ಕಾಣುತ್ತದೆ. ಇಂಥ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತವೆ. ಕೆಲವು ಸಂದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ಕಲೆ ಬೇಗ ಹೋಗುತ್ತದೆ ಎನ್ನುತ್ತವೆ.

ಇದು ನಿಜವೇ? ಇಲ್ಲ. ಆ್ಯಸಿಡ್ ಎಣ್ಣೆಯನ್ನು ತೆಗೆಯುವುದಿಲ್ಲ, ನೆಲವನ್ನೇ ತಿನ್ನುತ್ತದೆ. ಎರಡನೆಯ ಸಲಹೆಯಂತೂ ಪ್ರಾಣಕ್ಕೇ ಅಪಾಯ.

ಆ ನೊರೆ ಎಲ್ಲಿಂದ ಬರುತ್ತದೆ?

ಬೀದರ್ ಜಿಲ್ಲೆಯ ದುಬಲಗುಂಡಿಯಂಥ ಊರಿನಲ್ಲಿ ಮನೆ ಮುಂದಿನ ನೆಲ ಸಾಮಾನ್ಯವಾಗಿ ಎರಡು ಬಗೆಯದು. ಒಂದು ಸಿಮೆಂಟ್ ಕಾಂಕ್ರೀಟ್. ಇನ್ನೊಂದು ಪಕ್ಕದ ಕಲಬುರಗಿ ಜಿಲ್ಲೆಯಿಂದ ಬರುವ ಶಹಾಬಾದ್ ಕಲ್ಲು, ಅಂದರೆ ನಾವು ಫರಸಿ ಎನ್ನುವುದು. ನೋಡಲು ಬೇರೆಬೇರೆಯಾದರೂ ಎರಡರ ಮೂಲ ಒಂದೇ. ಫರಸಿ ಎಂದರೆ ಸುಣ್ಣದಕಲ್ಲು. ಸಿಮೆಂಟ್ ತಯಾರಿಸುವುದೂ ಸುಣ್ಣದಕಲ್ಲಿನಿಂದಲೇ.

ಸುಣ್ಣದ ಅಂಶಕ್ಕೆ ಆ್ಯಸಿಡ್ ತಗುಲಿದರೆ ಅದು ಕರಗಿ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ನೀವು ನೋಡುವ ನೊರೆ ಅದೇ. ಫರಸಿಯ ಒಡೆದ ಚೂರಿನ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ ನೋಡಿ. ಎಣ್ಣೆ ಒಂದು ಹನಿಯೂ ಇಲ್ಲದಿದ್ದರೂ ಸಣ್ಣ ಗುಳ್ಳೆಗಳು ಏಳುತ್ತವೆ, ಹೊಳಪು ಹೋಗಿ ಮಂಕಾದ ಗುರುತು ಉಳಿಯುತ್ತದೆ.

ಎಂಜಿನ್ ಆಯಿಲ್ ಈ ಆ್ಯಸಿಡ್‌ಗೆ ಕರಗುವುದಿಲ್ಲ. ಹಾಗಾದರೆ ವಿಡಿಯೊದಲ್ಲಿ ನೆಲ ಬೆಳ್ಳಗಾದದ್ದು ಹೇಗೆ? ಮೇಲಿನ ಸಿಮೆಂಟ್ ಪದರ ಕರಗಿಹೋಗಿ ಒಳಗಿನ ಹೊಸ ಮೈ ಕಂಡಿದೆ, ಅಷ್ಟೇ. ಆಳಕ್ಕೆ ಇಳಿದ ಎಣ್ಣೆ ಅಲ್ಲೇ ಇರುತ್ತದೆ. ನೆಲ ಒರಟಾಗಿ, ಅದರ ರಂಧ್ರಗಳು ಇನ್ನಷ್ಟು ತೆರೆದಿರುತ್ತವೆ. ಮುಂದಿನ ಸಲ ಬಿದ್ದ ಹನಿ ಮೊದಲಿಗಿಂತ ಬೇಗ ಒಳಗೆ ಇಳಿಯುತ್ತದೆ.

ಈ ಎರಡನ್ನು ಎಂದೂ ಬೆರೆಸಬೇಡಿ

ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶವನ್ನು ಸುಡುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಹತ್ತಿರವೇ ನಿಲ್ಲುತ್ತದೆ. ಕುಳಿತು ನೆಲ ಉಜ್ಜುವವರ ಮುಖ ಇರುವುದೂ ಅಲ್ಲಿಯೇ. ಆಕಸ್ಮಾತ್ ಬೆರೆತು ಘಾಟು ಬಂದರೆ ತೊಳೆಯುತ್ತ ಕೂರಬೇಡಿ. ಎಲ್ಲರೂ ತಕ್ಷಣ ಬಯಲಿಗೆ ಹೋಗಿ. ಕೆಮ್ಮು, ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಿ.

ಪೆಟ್ರೋಲ್, ಸೀಮೆಎಣ್ಣೆ ಹಾಕಿ ಒರೆಸುವುದೂ ಬೇಡ. ಅವು ಆಯಿಲನ್ನು ತೆಳುವಾಗಿಸಿ ಇನ್ನೂ ಆಳಕ್ಕೆ, ಅಗಲಕ್ಕೆ ಹರಡುತ್ತವೆ. ಬೆಂಕಿಯ ಭಯ ಬೇರೆ.

ಎಣ್ಣೆಗೆ ಏನು ಬೇಕು?

ಅಡುಗೆ ಎಣ್ಣೆ, ತುಪ್ಪ ಬಿದ್ದಿದ್ದರೆ ಕೆಲಸ ಸುಲಭ. ಇವು ಕ್ಷಾರದೊಂದಿಗೆ ಸೇರಿ ಸ್ವಲ್ಪಮಟ್ಟಿಗೆ ತಾವೇ ಸಾಬೂನಾಗುತ್ತವೆ. ಜಿಡ್ಡಿನ ಪಾತ್ರೆಗೆ ಹಿರಿಯರು ಒಲೆಯ ಬೂದಿ ಬಳಸುತ್ತಿದ್ದುದರಲ್ಲಿ ಅರ್ಥವಿದೆ, ಕಟ್ಟಿಗೆಯ ಬೂದಿಯಲ್ಲಿ ಕ್ಷಾರವಿರುತ್ತದೆ. ಆದರೆ ಎಂಜಿನ್ ಆಯಿಲ್ ಭೂಮಿಯಿಂದ ತೆಗೆದ ಕಚ್ಚಾತೈಲದಿಂದ ಬಂದದ್ದು, ಅದು ಹೀಗೆ ಸಾಬೂನಾಗುವುದಿಲ್ಲ. ಅದಕ್ಕೆ ಡಿಟರ್ಜೆಂಟ್ ಬೇಕೇ ಬೇಕು. ಡಿಟರ್ಜೆಂಟಿನ ಕಣದ ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿದು ಎಣ್ಣೆಯನ್ನು ಮೇಲೆತ್ತುತ್ತದೆ.

ಜೊತೆಗೆ ಬಟ್ಟೆ ಸೋಡಾ, ಅಂದರೆ ವಾಷಿಂಗ್ ಸೋಡಾ ಸೇರಿಸಿದರೆ ಕೆಲಸ ಚುರುಕಾಗುತ್ತದೆ. ಅಡುಗೆ ಸೋಡಾ ಬೇರೆ, ಅದರ ಕ್ಷಾರ ಬಹಳ ಸೌಮ್ಯ. ಸಿಮೆಂಟ್ ಸ್ವತಃ ಕ್ಷಾರಗುಣದ್ದು. ಆದ್ದರಿಂದ ವಾಷಿಂಗ್ ಸೋಡಾ ಅದನ್ನು ಆ್ಯಸಿಡ್‌ನಂತೆ ತಿನ್ನುವುದಿಲ್ಲ.

ಹೊಸ ಕಲೆಗೆ

ಈಗಷ್ಟೇ ಬಿದ್ದಿದ್ದರೆ ನೀರು ಹಾಕಬೇಡಿ, ಉಜ್ಜಬೇಡಿ. ಗ್ರೀಸ್ ಆಗಿದ್ದರೆ ಮೊದಲು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಿರಿ. ಆಮೇಲೆ ಒಣ ಬೂದಿ, ಮರದ ಹೊಟ್ಟು ಅಥವಾ ನುಣ್ಣನೆಯ ಒಣಮಣ್ಣನ್ನು ದಪ್ಪವಾಗಿ ಹರಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗುಡಿಸಿ, ಬಿಸಿನೀರು ಮತ್ತು ಬಟ್ಟೆ ಒಗೆಯುವ ಪುಡಿ ಹಾಕಿ ಹತ್ತು ನಿಮಿಷ ನೆನೆಸಿ ಉಜ್ಜಿ ತೊಳೆಯಿರಿ. ನಾರಿನ ಅಥವಾ ಪ್ಲಾಸ್ಟಿಕ್ ಬ್ರಷ್ ಸಾಕು. ಕಬ್ಬಿಣದ ತಂತಿ ಬ್ರಷ್ ಬಳಸಿದರೆ ಅದರ ಚೂರುಗಳು ನೆಲದಲ್ಲಿ ಉಳಿದು ತುಕ್ಕಿನ ಕಲೆಯಾಗುತ್ತದೆ.

ಹಳೆಯ ಕಲೆಗೆ ಲೇಪ

ಕಾಂಕ್ರೀಟ್ ಮೇಲೆ ಬೈಕ್ ನಿಲ್ಲುವ ಜಾಗದಲ್ಲಿ ಒಂದು ಅಡಿ ಅಗಲದ, ತಿಂಗಳುಗಟ್ಟಲೆ ಹಳೆಯ ಕಲೆ ಇದೆ ಎಂದುಕೊಳ್ಳಿ. ಎಣ್ಣೆ ಒಳಗೆ ಇಳಿದಿರುವುದರಿಂದ ಉಜ್ಜಿದರೆ ಸಾಲದು, ಮೇಲಕ್ಕೆ ಎಳೆಯಬೇಕು.

1. ಮೊದಲು ಡಿಟರ್ಜೆಂಟ್ ಮತ್ತು ಬಿಸಿನೀರಿನಿಂದ ಒಮ್ಮೆ ಉಜ್ಜಿ ತೊಳೆದು ಒಣಗಲು ಬಿಡಿ.
2. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅರ್ಧ ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ, ಒಂದು ಚಮಚ ಡಿಟರ್ಜೆಂಟ್ ಕರಗಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ಕೆಡಿಸುತ್ತದೆ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.
3. ಸುಮಾರು ಅರ್ಧ ಕಿಲೋ ಮುಲ್ತಾನಿ ಮಿಟ್ಟಿ ಅಥವಾ ಚಾಕ್ ಪುಡಿಗೆ ಈ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ನೀರು ಪೂರ್ತಿ ಬೇಕಾಗದೆ ಇರಬಹುದು.
4. ಕಲೆಯ ಅಂಚು ದಾಟುವಂತೆ ಸುಮಾರು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ.
5. ಹಾಳೆ ತೆಗೆದು ಲೇಪ ಪೂರ್ತಿ ಒಣಗಲು ಬಿಡಿ. ಸಡಿಲಗೊಂಡ ಎಣ್ಣೆಯನ್ನು ಪುಡಿಯ ಸಣ್ಣ ರಂಧ್ರಗಳು ಹೀರಿಕೊಳ್ಳುವುದು ಈ ಹಂತದಲ್ಲಿ. ಹಸಿಯಿದ್ದಾಗಲೇ ತೊಳೆದರೆ ಶ್ರಮ ವ್ಯರ್ಥ.
6. ಕೆರೆದು ತೆಗೆದು ನೀರಿನಿಂದ ತೊಳೆಯಿರಿ. ಕೆರೆದ ಪುಡಿಯನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಬಾವಿಯ ಕಡೆಗೆ ಅಥವಾ ಚರಂಡಿಗೆ ಬಿಡಬೇಡಿ.

ಒಣಗಿದ ಲೇಪದ ಅಡಿಭಾಗ ಕಂದು ಬಣ್ಣಕ್ಕೆ ತಿರುಗಿದ್ದರೆ ಎಣ್ಣೆ ಬರುತ್ತಿದೆ ಎಂದರ್ಥ. ಮತ್ತೆ ಮಾಡಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗುವುದು ಸಾಮಾನ್ಯ. ಫರಸಿ ನೆಲವಾದರೆ ಮೊದಲು ಮೂಲೆಯಲ್ಲಿ ಸ್ವಲ್ಪ ಹಚ್ಚಿ ಬಣ್ಣ ಬದಲಾಗುವುದೇ ಎಂದು ನೋಡಿ.

ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ?

ನೆಲ ಪೂರ್ತಿ ಒಣಗಿದ ಮೇಲೆ ಕಲೆಯಿದ್ದ ಜಾಗಕ್ಕೂ, ಪಕ್ಕದ ಶುದ್ಧ ಜಾಗಕ್ಕೂ ನಾಲ್ಕು ಹನಿ ನೀರು ಹಾಕಿ. ಪಕ್ಕದಲ್ಲಿ ನೀರು ಇಂಗಿ, ಕಲೆಯ ಜಾಗದಲ್ಲಿ ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ನಿಂತರೆ ಎಣ್ಣೆ ಇನ್ನೂ ಒಳಗಿದೆ. ಅಲ್ಲಿ ಬಣ್ಣವಾಗಲಿ, ಹೊಸ ಸಿಮೆಂಟಾಗಲಿ ಹಚ್ಚಿದರೆ ಹಿಡಿಯುವುದಿಲ್ಲ. ಎರಡೂ ಕಡೆ ಒಂದೇ ರೀತಿ ಇಂಗಿದರೆ ಕೆಲಸ ಆಯಿತು.

ವರ್ಷಗಟ್ಟಲೆ ಎಣ್ಣೆ ಕುಡಿದ ನೆಲದಲ್ಲಿ ಇಷ್ಟೆಲ್ಲ ಮಾಡಿದರೂ ತೆಳುವಾದ ನೆರಳು ಉಳಿಯಬಹುದು. ಅದನ್ನು ಅಳಿಸಲು ಆ್ಯಸಿಡ್ ಹಿಡಿದರೆ ನೆರಳಿನ ಜಾಗದಲ್ಲಿ ಗುಂಡಿಬಿದ್ದ ನೆಲ ಸಿಗುತ್ತದೆ. ಅದರ ಬದಲು ಬೈಕಿನ ಸೋರಿಕೆ ಸರಿಮಾಡಿಸಿ, ಅಲ್ಲಿಯವರೆಗೆ ಕೆಳಗೆ ಮರಳು ತುಂಬಿದ ಹಳೆಯ ತಗಡಿನ ತಟ್ಟೆ ಇಡಿ.

ಆ್ಯಸಿಡ್ ವಿಡಿಯೊ ನಿಮಗೂ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ಅದು ಬಂದ ಗುಂಪಿನಲ್ಲೇ ಬ್ಲೀಚಿಂಗ್ ಪೌಡರ್ ಕುರಿತ ಎಚ್ಚರಿಕೆಯನ್ನು ಹಾಕಿ.