ಬೆರಳಿನ ಬದಿಯ ನೀರುಗುಳ್ಳೆ: ಕಜ್ಜಿಯೋ, ಹುಳುಕಡ್ಡಿಯೋ, ಇಸುಬೋ?

ಬೆರಳುಗಳ ಬದಿಯಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು ಏಳುತ್ತವೆ. ನೆನೆಸಿದ ಸಬ್ಬಕ್ಕಿ ಕಾಳುಗಳನ್ನು ಚರ್ಮದೊಳಗೆ ಹುದುಗಿಸಿಟ್ಟಂತೆ ಕಾಣುತ್ತವೆ, ಸುಲಭಕ್ಕೆ ಒಡೆಯುವುದಿಲ್ಲ. ತುರಿಕೆ ಮಾತ್ರ ತಡೆಯಲಾಗದು. ಆಗ ಮನೆಯಲ್ಲಿ ಕೇಳಿಬರುವ ಮೊದಲ ಮಾತು, "ಕಜ್ಜಿ ಇರಬೇಕು, ಮಕ್ಕಳನ್ನು ಮುಟ್ಟಬೇಡ." ನಿಜವಾಗಿಯೂ ಅದು ಕಜ್ಜಿಯೇ?

ಇಂತಹ ಗುಳ್ಳೆಗಳಿಗೆ ಹೆಚ್ಚಾಗಿ ಕಾರಣವಾಗುವುದು ಒಂದು ಬಗೆಯ ಇಸುಬು. ವೈದ್ಯರು ಇದನ್ನು ಡಿಸ್‌ಹೈಡ್ರೋಟಿಕ್ ಎಕ್ಜಿಮಾ ಅಥವಾ ಪಾಂಫೋಲಿಕ್ಸ್ ಎನ್ನುತ್ತಾರೆ. 1873ರಲ್ಲಿ ಇಂಗ್ಲೆಂಡಿನ ವೈದ್ಯ ಟಿಲ್ಬರಿ ಫಾಕ್ಸ್, ಬೆವರು ಹೊರಬರಲಾಗದೆ ಒಳಗೇ ನಿಂತು ಗುಳ್ಳೆಯಾಗುತ್ತದೆ ಎಂದು ತಿಳಿದು ಅದಕ್ಕೆ 'ಡಿಸ್‌ಹೈಡ್ರೋಸಿಸ್' ಎಂಬ ಹೆಸರಿಟ್ಟರು. ಹೆಸರು ಉಳಿಯಿತು, ವಿವರಣೆ ಉಳಿಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಳ್ಳೆಗಳಿಗೂ ಬೆವರಿನ ನಾಳಗಳಿಗೂ ಸಂಬಂಧ ಕಾಣುವುದಿಲ್ಲ. ಚರ್ಮದ ಉರಿಯೂತದಿಂದ ಒಸರಿದ ದ್ರವವೇ ಅಲ್ಲಿರುವುದು. ಅಂಗೈಯ ಚರ್ಮ ದಪ್ಪವಾದ್ದರಿಂದ ಗುಳ್ಳೆ ಮೇಲೇಳದೆ ಆಳದಲ್ಲಿ ಕಾಣುತ್ತದೆ. ಆದರೂ ಬಿಸಿಲು, ಬೆವರು, ಸದಾ ನೀರು-ಸೋಪಿನ ಕೆಲಸ, ಮಾನಸಿಕ ಒತ್ತಡ, ನಿಕ್ಕಲ್ ಲೋಹದ ಅಲರ್ಜಿ ಇದನ್ನು ಕೆರಳಿಸಬಲ್ಲವು. ಇದು ಅಂಟುರೋಗವಲ್ಲ. ಸಾಮಾನ್ಯವಾಗಿ ಎರಡೂ ಕೈಗಳಲ್ಲಿ ಬಂದು, ಎರಡು ಮೂರು ವಾರಗಳಲ್ಲಿ ಒಣಗಿ, ಸಿಪ್ಪೆ ಸುಲಿದು ಹೋಗುತ್ತದೆ, ಮತ್ತೆ ಮರುಕಳಿಸುತ್ತದೆ.

ಕಜ್ಜಿಯ ಕಥೆಯೇ ಬೇರೆ. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ನುಸಿಯೊಂದು ಚರ್ಮದ ಮೇಲ್ಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟ, ಹೊಕ್ಕುಳ ಸುತ್ತ, ಗುಪ್ತಾಂಗಗಳಲ್ಲಿ ಗುಳ್ಳೆಗಳು ಏಳುತ್ತವೆ, ಕೆಲವೆಡೆ ಬಿಲದ ಸಣ್ಣ ಗೆರೆಯೂ ಕಾಣಬಹುದು. ತುರಿಕೆ ರಾತ್ರಿ ಹೆಚ್ಚು. ಮನೆಯ ಇತರರಿಗೂ ತುರಿಕೆ ಇರುವುದು ದೊಡ್ಡ ಸುಳಿವು. ಆದರೆ ಮೊದಲ ಸಲ ಸೋಂಕು ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಹಾಗಾಗಿ 'ಬೇರೆ ಯಾರಿಗೂ ಇಲ್ಲ' ಎಂದ ಮಾತ್ರಕ್ಕೆ ಕಜ್ಜಿಯಲ್ಲ ಎನ್ನುವಂತಿಲ್ಲ.

ಶಿಲೀಂಧ್ರದ ಸೋಂಕು, ಅಂದರೆ ಹುಳುಕಡ್ಡಿ, ಅಂಗೈಗೆ ಬಂದಾಗ ಹೆಚ್ಚಾಗಿ ಒಂದೇ ಕೈಯಲ್ಲಿರುತ್ತದೆ. ಗುಳ್ಳೆಗಿಂತ ಒಣ ಹೊಟ್ಟು, ಗೆರೆಗಳಲ್ಲಿ ಬಿಳಿಪುಡಿ, ನಿಧಾನವಾಗಿ ಹರಡುವ ಅಂಚು ಕಾಣುತ್ತವೆ. ಉಗುರೂ ಕೆಡಬಹುದು.

ಈಗ ಒಂದು ಉದಾಹರಣೆ ನೋಡೋಣ. ಅಡುಗೆ ಕೆಲಸ ಮಾಡುವ ಮಹಿಳೆಯೊಬ್ಬರಿಗೆ ಏಪ್ರಿಲ್‌ನಲ್ಲಿ ಎರಡೂ ಕೈಗಳಲ್ಲಿ ಗುಳ್ಳೆಗಳೆದ್ದಿವೆ ಎಂದುಕೊಳ್ಳಿ. ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಿದಾಗ ನಾಲ್ಕು ದಿನದಲ್ಲಿ ಇಳಿಯುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಮನೆಯಲ್ಲಿ ಬೇರೆ ಯಾರಿಗೂ ತುರಿಕೆಯಿಲ್ಲ, ಅವರ ಸೊಂಟ, ಮಣಿಕಟ್ಟುಗಳೂ ಶುಭ್ರ. ಇದು ಇಸುಬೇ ಎಂದು ಹೇಳಿಬಿಡಬಹುದು. ಆದರೆ ಚರ್ಮವೈದ್ಯರು ಚಪ್ಪಲಿ ಬಿಡಿಸಿ ಪಾದ ನೋಡುತ್ತಾರೆ. ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಬಿರಿದಿದೆ. ಅಲ್ಲಿಂದ ಹೊಟ್ಟು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಿಲೀಂಧ್ರದ ಎಳೆಗಳು ಸಿಗುತ್ತವೆ. ಕೈಯಿಂದ ಕೆರೆದದ್ದರಲ್ಲಿ ಏನೂ ಇಲ್ಲ! ಪಾದದ ಶಿಲೀಂಧ್ರಕ್ಕೆ ದೇಹ ತೋರಿಸುವ ಪ್ರತಿಕ್ರಿಯೆಯಾಗಿಯೂ ಕೈಯಲ್ಲಿ ಇಂಥದೇ ಗುಳ್ಳೆಗಳು ಏಳಬಲ್ಲವು. ಆಗ ಪಾದ ವಾಸಿಯಾಗದೆ ಕೈಯ ಕಾಟ ನಿಲ್ಲುವುದು ಕಷ್ಟ.

ಹಾಗಾದರೆ ಆ ಟ್ಯೂಬ್ ಕೆಲಸ ಮಾಡಿದ್ದು ಹೇಗೆ? ಅಂಗಡಿಯಲ್ಲಿ ಕೇಳಿ ತರುವ ಹಲವು ಕ್ರೀಮುಗಳಲ್ಲಿ ಪ್ರಬಲ ಸ್ಟಿರಾಯ್ಡ್ ಜೊತೆಗೆ ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಎಲ್ಲವೂ ಬೆರೆತಿರುತ್ತವೆ. ಸ್ಟಿರಾಯ್ಡ್ ಮೂರೂ ಕಾಯಿಲೆಗಳ ಕೆಂಪನ್ನೂ ತುರಿಕೆಯನ್ನೂ ಸ್ವಲ್ಪ ದಿನ ಅಡಗಿಸುತ್ತದೆ. ಇಸುಬಿಗೆ ಅದು ಔಷಧಿಯೇ, ವೈದ್ಯರು ಹೇಳಿದಷ್ಟು ದಿನ ಮಾತ್ರ. ಹುಳುಕಡ್ಡಿಯಾಗಿದ್ದರೆ ಶಿಲೀಂಧ್ರ ಒಳಗೊಳಗೇ ಹರಡಿ, ಗುರುತು ಸಿಗದಂತೆ ರೂಪ ಬದಲಿಸುತ್ತದೆ. ಕಜ್ಜಿಯಾಗಿದ್ದರೆ ನುಸಿಗಳು ಹೆಚ್ಚುತ್ತಲೇ ಇರುತ್ತವೆ. ಆದ್ದರಿಂದ 'ಟ್ಯೂಬಿಗೆ ಇಳಿಯಿತು' ಎಂಬುದು ಕಾಯಿಲೆಯ ಗುರುತಲ್ಲ. ವೈದ್ಯರ ಬಳಿ ಹೋಗುವಾಗ ಆ ಟ್ಯೂಬನ್ನೂ ಒಯ್ಯಿರಿ, ಏಕೆಂದರೆ ಅದು ಪರೀಕ್ಷೆಯ ಫಲಿತಾಂಶವನ್ನೂ ಮರೆಮಾಚಬಲ್ಲದು.

ಕಜ್ಜಿ ಎಂದು ಖಚಿತವಾದರೆ ಚಿಕಿತ್ಸೆ ಮನೆಮಂದಿಗೆಲ್ಲ ಒಂದೇ ದಿನ ಆಗಬೇಕು. 5% ಪರ್ಮೆಥ್ರಿನ್ ಕ್ರೀಮನ್ನು ದೊಡ್ಡವರಿಗೆ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ರಾತ್ರಿಯಿಡೀ ಬಿಟ್ಟು ತೊಳೆಯುತ್ತಾರೆ. ಸಾಮಾನ್ಯವಾಗಿ ವಾರದ ನಂತರ ಮತ್ತೊಮ್ಮೆ. ನುಸಿ ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯಬಹುದು.

ಇಸುಬಾಗಿದ್ದರೆ ಗುಳ್ಳೆಯನ್ನು ಸೂಜಿಯಿಂದ ಚುಚ್ಚಬೇಡಿ. ಪಾತ್ರೆ ತೊಳೆಯುವಾಗ ಹತ್ತಿಯ ಕೈಚೀಲದ ಮೇಲೆ ರಬ್ಬರ್ ಕೈಚೀಲ ಹಾಕಿಕೊಳ್ಳಿ, ಕೈ ಒರೆಸಿದ ಕೂಡಲೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಕೀವು, ಹಳದಿ ಹೊಪ್ಪಳೆ, ಹೆಚ್ಚುವ ನೋವು ಅಥವಾ ಜ್ವರ ಕಂಡರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು, ಅಂದೇ ವೈದ್ಯರನ್ನು ಕಾಣಿ.

ಗುಳ್ಳೆಯೊಂದನ್ನೇ ದಿಟ್ಟಿಸಿದರೆ ಉತ್ತರ ಸಿಗದಿರಬಹುದು. ಇನ್ನೊಂದು ಕೈ, ಕಾಲ್ಬೆರಳ ಸಂದಿ, ಪಕ್ಕದಲ್ಲಿ ಮಲಗುವವರ ಮೈ, ಇವನ್ನೂ ನೋಡಿ.