ಅರವತ್ತು ಕುರ್ಚಿಗಳ ಲೆಕ್ಕ

ಕೋ-ವರ್ಕಿಂಗ್ ಜಾಗ ತೆರೆಯಲು ಹೊರಟವರ ಯೋಜನಾ ವರದಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಮೊದಲ ವರ್ಷ ಶೇ 80 ಭರ್ತಿ’. ಆದಾಯ, ಸಾಲದ ಕಂತು, ಪಾಲುದಾರರಿಗೆ ಸಿಗುವ ಲಾಭ, ಎಲ್ಲವೂ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಆ ಶೇ 80 ಎಲ್ಲಿಂದ ಬಂತು, ಯಾವ ತಿಂಗಳಿನದು, ಯಾವ ದರದಲ್ಲಿ ಎಂದು ಕೇಳಿದರೆ ಹೆಚ್ಚಿನ ವರದಿಗಳಲ್ಲಿ ಉತ್ತರ ಇರುವುದಿಲ್ಲ. ಸಾಲ ಕೊಡುವ ಬ್ಯಾಂಕಿನವರೂ ಎಷ್ಟೋ ಸಲ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ವ್ಯವಹಾರ ಕೇಳುವುದಕ್ಕೆ ಸರಳ. ಒಂದು ಮಹಡಿಯನ್ನು ಐದು ಅಥವಾ ಒಂಬತ್ತು ವರ್ಷಕ್ಕೆ ಬಾಡಿಗೆಗೆ ಹಿಡಿಯುವುದು, ಮೇಜು ಕುರ್ಚಿ ಹಾಕಿ, ಇಂಟರ್‌ನೆಟ್, ಎಸಿ, ಕಾಫಿ ಕೊಟ್ಟು ಒಂದೊಂದೇ ಕುರ್ಚಿಯನ್ನು ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು. ಖಾಲಿ ಸೀಟುಗಳ ಬಸ್ಸಿಗೂ ಡೀಸೆಲ್, ಡ್ರೈವರ್ ಅಷ್ಟೇ ಬೇಕಾಗುವ ಹಾಗೆ ಇಲ್ಲಿ ಯಾರೂ ಬರದ ದಿನದ ಖರ್ಚೂ ಹೆಚ್ಚುಕಡಿಮೆ ತುಂಬಿದ ದಿನದಷ್ಟೇ. ಜೂನ್ ತಿಂಗಳಲ್ಲಿ ಖಾಲಿ ಉಳಿದ ಕುರ್ಚಿಯನ್ನು ಜುಲೈನಲ್ಲಿ ಮಾರಲು ಬರುವುದಿಲ್ಲ. ಹಾಗಾಗಿ ಎಷ್ಟು ಕುರ್ಚಿ ತುಂಬಿದರೆ ಗಿಟ್ಟುತ್ತದೆ ಎನ್ನುವುದೇ ಮೊದಲ ಪ್ರಶ್ನೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಮೈಸೂರಿನಲ್ಲಿ ಮುಖ್ಯರಸ್ತೆಯ ಕಟ್ಟಡವೊಂದರ ಎರಡನೇ ಮಹಡಿ, 3,600 ಚದರ ಅಡಿ ಎನ್ನಿ. ಇದು ಸೂಪರ್ ಬಿಲ್ಟ್-ಅಪ್ ಅಳತೆ. ಮೆಟ್ಟಿಲು, ಲಿಫ್ಟ್, ಗೋಡೆಗಳ ಪಾಲು ಕಳೆದರೆ ಕಾಲಿಡಲು ಸಿಗುವ ಕಾರ್ಪೆಟ್ ಏರಿಯಾ ಸುಮಾರು 2,700. ಓಡಾಟದ ದಾರಿ, ಮೀಟಿಂಗ್ ರೂಮು, ಪ್ಯಾಂಟ್ರಿ ಎಲ್ಲ ಸೇರಿ ಕುರ್ಚಿಗೆ 45 ಚದರ ಅಡಿಯಂತೆ ಹಿಡಿದರೆ 60 ಕುರ್ಚಿ ಹಿಡಿಸುತ್ತದೆ. ಚದರ ಅಡಿಗೆ 40 ರೂಪಾಯಿಯಂತೆ ತಿಂಗಳ ಬಾಡಿಗೆ 1,44,000. ಬಾಡಿಗೆ ಕೊಡುವುದು 3,600 ಅಡಿಗೆ, ಮಾರುವುದು 2,700 ಅಡಿಯನ್ನು ಎಂಬುದು ಗಮನದಲ್ಲಿರಲಿ. ಕಟ್ಟಡದ ಮೇಂಟೆನೆನ್ಸ್ 22,000, ಮ್ಯಾನೇಜರ್ ಸೇರಿ ಮೂರು ಜನರ ಸಂಬಳ 60,000, ಎರಡು ಕಂಪನಿಗಳ ಇಂಟರ್‌ನೆಟ್ ಲೈನಿಗೆ 14,000, ವಿಮೆ, ರಿಪೇರಿ, ಲೆಕ್ಕಪತ್ರದವರ ಫೀಸು 12,000. ಒಟ್ಟು 2,52,000. ಜಿಎಸ್‌ಟಿಯನ್ನು ಸದ್ಯಕ್ಕೆ ಬದಿಗಿಡೋಣ.

ಕುರ್ಚಿಯ ದರ ತಿಂಗಳಿಗೆ 7,500 ರೂಪಾಯಿ. ಒಬ್ಬರು ಬಂದು ಕೂತರೆ ಕಾಫಿ, ಕರೆಂಟು, ಟಿಶ್ಯೂ, ನೀರು ಎಂದು 700 ಖರ್ಚು. ಉಳಿಯುವುದು 6,800. ಈ 6,800ರಿಂದ 2,52,000ವನ್ನು ಭಾಗಿಸಿದರೆ 37 ಬರುತ್ತದೆ. ಅರವತ್ತರಲ್ಲಿ ಮೂವತ್ತೇಳು, ಅಂದರೆ ಶೇ 62 ತುಂಬಿದರೆ ಖರ್ಚಿಗೆ ಸರಿಹೋಗುತ್ತದೆ. ಶೇ 80 ತುಂಬಿದರೆ ಒಳ್ಳೆಯ ಲಾಭ. ವರದಿಯಲ್ಲಿ ಬರುವುದು ಸಾಮಾನ್ಯವಾಗಿ ಇಷ್ಟೇ, ತಪ್ಪು ಶುರುವಾಗುವುದೂ ಇಲ್ಲೇ.

ಮೊದಲು ಕರೆಂಟು. ಕೂತವರ ಸಂಖ್ಯೆಗೆ ತಕ್ಕಂತೆ ಬಿಲ್ಲು ಬರುತ್ತದೆ ಎಂದುಕೊಳ್ಳುವುದು ಅರ್ಧ ಮಾತ್ರ ನಿಜ. ಮಂಜೂರಾದ ಲೋಡಿನ ಮೇಲೆ ವಿದ್ಯುತ್ ಕಂಪನಿಗೆ ಪ್ರತಿ ತಿಂಗಳೂ ನಿಗದಿತ ಶುಲ್ಕ ಕಟ್ಟಬೇಕು, ಒಂದು ಯೂನಿಟ್ ಉರಿಸದಿದ್ದರೂ. ದೊಡ್ಡ ಹಾಲಿನಲ್ಲಿ ಹತ್ತು ಜನ ಕೂತರೂ ಇಡೀ ಹಾಲಿಗೆ ಎಸಿ ಹಾಕಬೇಕು. ಕಾರಿಡಾರಿನ ದೀಪ, ರೌಟರ್, ಫ್ರಿಜ್ ನಡೆಯುತ್ತಲೇ ಇರುತ್ತವೆ. ಇದಕ್ಕೆ 16,000 ಎನ್ನೋಣ. ಇದು ಸ್ಥಿರ ವೆಚ್ಚದ ಕಡೆಗೇ ಸೇರಬೇಕು.

ಆಮೇಲೆ ಒಳಾಂಗಣದ ಖರ್ಚು. ಪಾರ್ಟಿಷನ್, ಫಾಲ್ಸ್ ಸೀಲಿಂಗ್, ವೈರಿಂಗ್, ಎಸಿ, ಪೀಠೋಪಕರಣ ಸೇರಿ ಕುರ್ಚಿಗೆ 60,000 ತಗುಲಿದರೆ ಒಟ್ಟು 36 ಲಕ್ಷ. ‘ಅದು ಬಂಡವಾಳ, ತಿಂಗಳ ಖರ್ಚಲ್ಲ’ ಎಂದು ವರದಿ ಅದನ್ನು ಬೇರೆ ಹಾಳೆಗೆ ತಳ್ಳುತ್ತದೆ. ಆದರೆ ಐದು ವರ್ಷದ ಕರಾರು ಮುಗಿದ ದಿನ ಪಾರ್ಟಿಷನ್ನನ್ನೂ ಸೀಲಿಂಗನ್ನೂ ಮಡಚಿ ಒಯ್ಯಲಾಗುವುದಿಲ್ಲ. ಆ 36 ಲಕ್ಷ 60 ತಿಂಗಳಲ್ಲಿ ಕುರ್ಚಿಗಳಿಂದಲೇ ಹುಟ್ಟಬೇಕು, ತಿಂಗಳಿಗೆ 60,000. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದರೆ 14,40,000 ರೂಪಾಯಿ ಬಡ್ಡಿಯಿಲ್ಲದೆ ಮಾಲೀಕರ ಬಳಿ ಕೂತಿರುತ್ತದೆ. ಅದು ಹಿಂತಿರುಗುತ್ತದೆ, ನಿಜ. ಆದರೆ ವರ್ಷಕ್ಕೆ ಶೇ 10ರ ಬಡ್ಡಿ ಹಿಡಿದರೂ ತಿಂಗಳಿಗೆ 12,000 ಕೈಬಿಟ್ಟಂತೆ. ಎಲ್ಲ ಸೇರಿಸಿದರೆ ಸ್ಥಿರ ವೆಚ್ಚ 3,40,000. ಈಗ ಬೇಕಾಗುವುದು 50 ಕುರ್ಚಿ, ಶೇ 83. ವರದಿ ಲಾಭ ತೋರಿಸಿದ್ದ ಶೇ 80ರಲ್ಲಿ ನಿಜವಾಗಿ ಇರುವುದು ನಷ್ಟ.

ಇನ್ನು ದರ. ಬೋರ್ಡಿನಲ್ಲಿ 7,500 ಬರೆದಿದ್ದರೂ ಕೈಗೆ ಬರುವ ಸರಾಸರಿ ಅಷ್ಟಿರುವುದಿಲ್ಲ. ಹತ್ತು ಜನರ ತಂಡ ಬಂದರೆ ರಿಯಾಯಿತಿ ಕೇಳುತ್ತದೆ, ಕರೆತಂದ ಬ್ರೋಕರಿಗೆ ಕಮಿಷನ್ ಹೋಗುತ್ತದೆ, ವರ್ಷದ ಕರಾರು ಮಾಡಿದವರಿಗೆ ಒಂದು ತಿಂಗಳು ಉಚಿತ. ಸರಾಸರಿ 6,500ಕ್ಕೆ ಇಳಿದರೆ ಕುರ್ಚಿಗೆ ಉಳಿಯುವುದು 5,800. ಆಗ 59 ಕುರ್ಚಿ ತುಂಬಬೇಕು, ಅರವತ್ತರಲ್ಲಿ! ಭರ್ತಿಯನ್ನೂ ದರವನ್ನೂ ಬೇರೆ ಬೇರೆ ಊಹೆಗಳಾಗಿ ಬರೆಯುವುದು ಇಂಥ ವರದಿಗಳ ಅತಿ ದೊಡ್ಡ ದೋಷ ಎಂದು ನನಗನ್ನಿಸುತ್ತದೆ. ಜಾಗ ತುಂಬಿಸುವುದೇ ದರ ಇಳಿಸಿ. ಹಾಗಿರುವಾಗ ತುಂಬಿದ ಜಾಗವನ್ನು ಪೂರ್ಣ ದರದಿಂದ ಗುಣಿಸಿದರೆ ಎಂದೂ ಬಾರದ ಹಣ ಹಾಳೆಯ ಮೇಲೆ ಬಂದುಬಿಡುತ್ತದೆ. ಆರು ಕುರ್ಚಿಯ ಕ್ಯಾಬಿನ್ನನ್ನು ಐದು ಜನರ ತಂಡ ಹಿಡಿದರೆ ಆರನೆಯದನ್ನು ಬೇರೆಯವರಿಗೆ ಕೊಡುವಂತಿಲ್ಲ ಎಂಬುದನ್ನೂ ಸೇರಿಸಿಕೊಂಡರೆ, ಅರವತ್ತಕ್ಕೆ ಅರವತ್ತೂ ಮಾರಾಟವಾಗುವ ತಿಂಗಳು ಅಪರೂಪ.

ಈಗ ‘ಮೊದಲ ವರ್ಷ ಶೇ 80’ ಎಂಬ ಮಾತನ್ನೇ ಬಿಡಿಸೋಣ. ಜಾಗ ತೆರೆದ ತಿಂಗಳು 6 ಕುರ್ಚಿ ತುಂಬಿ, ಪ್ರತಿ ತಿಂಗಳೂ ನಿವ್ವಳ 4 ಸೇರುತ್ತ ಹೋದರೆ ಹನ್ನೆರಡನೇ ತಿಂಗಳಿಗೆ 50 ಆಗುತ್ತದೆ, ಶೇ 83. ಚೆನ್ನಾಗಿಯೇ ನಡೆದ ವರ್ಷ. ಆದರೆ ವರ್ಷದ ಸರಾಸರಿ 28 ಕುರ್ಚಿ, ಶೇ 47 ಮಾತ್ರ. ವರ್ಷಾಂತ್ಯದ ಅಂಕಿಯನ್ನು ಹನ್ನೆರಡು ತಿಂಗಳಿಗೂ ಹಾಕಿ ಆದಾಯ ಲೆಕ್ಕ ಮಾಡಿದವರು ಬರುವ ಹಣವನ್ನು ಹೆಚ್ಚುಕಡಿಮೆ ದುಪ್ಪಟ್ಟು ತೋರಿಸಿರುತ್ತಾರೆ. 6,500ರ ದರದಲ್ಲಿ ನಗದು ಖರ್ಚನ್ನಷ್ಟೇ ನೋಡಿದರೂ ಈ ಒಳ್ಳೆಯ ವರ್ಷದಲ್ಲಿ ಕೈಯಿಂದ ಹಾಕಬೇಕಾದದ್ದು ಸುಮಾರು 12 ಲಕ್ಷದ 67 ಸಾವಿರ. ಒಳಾಂಗಣದ ಕೆಲಸ ನಡೆಯುವ ತಿಂಗಳುಗಳಲ್ಲೂ ಬಾಡಿಗೆ ಕಟ್ಟಬೇಕಾದರೆ ಅದು ಇದರ ಮೇಲೆ. 36 ಲಕ್ಷ ಹೊಂದಿಸಿ, ಅಡ್ವಾನ್ಸ್ ಕೊಟ್ಟು, ‘ಇನ್ನು ಆದಾಯದಲ್ಲೇ ನಡೆಯುತ್ತದೆ’ ಎಂದು ನಂಬಿದವರು ನಾಲ್ಕೈದನೇ ತಿಂಗಳಿಗೇ ಸಂಬಳಕ್ಕೆ ತಡಕಾಡುವುದು ಇದರಿಂದ. ಷೇರುಪೇಟೆಯಲ್ಲಿರುವ ಆಫಿಸ್‌ನಂಥ ದೊಡ್ಡ ಸಂಸ್ಥೆಗಳು ಎಲ್ಲ ಕೇಂದ್ರಗಳ ಭರ್ತಿಯನ್ನೂ, ಹನ್ನೆರಡು ತಿಂಗಳು ದಾಟಿದ ಕೇಂದ್ರಗಳ ಭರ್ತಿಯನ್ನೂ ಬೇರೆ ಬೇರೆಯಾಗಿ ತೋರಿಸುತ್ತವೆ. ಹೊಸ ಜಾಗದ ಅಂಕಿಯೂ ಹಳೆಯ ಜಾಗದ ಅಂಕಿಯೂ ಒಂದೇ ಅಲ್ಲವಲ್ಲ.

‘ನಿವ್ವಳ’ ಎಂಬುದರಲ್ಲಿ ಇನ್ನೊಂದು ವಿಷಯ ಇದೆ. ಒಂದು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದಾದ ಕಡೆ ಪ್ರತಿ ತಿಂಗಳೂ ಕೆಲವರು ಹೊರಡುತ್ತಾರೆ. ಕೂತವರಲ್ಲಿ ಶೇ 8 ಮಂದಿ ತಿಂಗಳಿಗೆ ಬಿಡುತ್ತಾರೆ, ತಿಂಗಳಿಗೆ ಒಟ್ಟು 4 ಹೊಸಬರು ಬರುತ್ತಾರೆ ಎನ್ನಿ. ಐವತ್ತು ಕುರ್ಚಿ ತುಂಬಿದಾಗ ಬಿಡುವವರು ನಾಲ್ವರು, ಬರುವವರೂ ನಾಲ್ವರು. ಅಲ್ಲಿಗೆ ಏರಿಕೆ ನಿಂತಿತು. ಎಷ್ಟು ವರ್ಷ ಕಾದರೂ ಆ ಜಾಗ ಐವತ್ತನ್ನು ದಾಟುವುದಿಲ್ಲ. ತಿಂಗಳಿಗೆ ಬರುವ ಹೊಸಬರ ಸಂಖ್ಯೆಯನ್ನು ಬಿಡುವವರ ಪ್ರಮಾಣದಿಂದ ಭಾಗಿಸಿದರೆ ಈ ಗರಿಷ್ಠ ಮಿತಿ ಸಿಗುತ್ತದೆ. ಊರಿನಲ್ಲಿ ತಿಂಗಳಿಗೆ ನಿಜಕ್ಕೂ ಎಷ್ಟು ಜನ ವಿಚಾರಿಸಲು ಬರುತ್ತಾರೆ, ಅವರಲ್ಲಿ ಎಷ್ಟು ಜನ ಹಣ ಕಟ್ಟುತ್ತಾರೆ ಎಂದು ಈಗಾಗಲೇ ನಡೆಯುತ್ತಿರುವ ಜಾಗಗಳನ್ನು ಸುತ್ತಿ ತಿಳಿಯುವುದು ಶೇ 80ರ ಯಾವ ಊಹೆಗಿಂತಲೂ ಉಪಯುಕ್ತ. ಹಾಗೆ ಹೋದಾಗ ತುಂಬಿದ ಕುರ್ಚಿಗಳನ್ನಷ್ಟೇ ಎಣಿಸಿ ಬಂದರೆ ಸಾಲದು. ಹದಿನೈದು ಕುರ್ಚಿ ಒಂದೇ ಕಂಪನಿಯದಾಗಿದ್ದರೆ, ಅದು ಹೊರಟ ತಿಂಗಳು ಐವತ್ತು ಇದ್ದದ್ದು ಮೂವತ್ತೈದಕ್ಕೆ ಇಳಿಯುತ್ತದೆ.

ದೀರ್ಘಾವಧಿಯ ಬಾಡಿಗೆ ಹಿಡಿದು ಅಲ್ಪಾವಧಿಗೆ ಮಾರುವ ಈ ಅಪಾಯ ಚಿಕ್ಕವರಿಗೆ ಮಾತ್ರ ಅಲ್ಲ. ರೀಗಸ್ ಸಂಸ್ಥೆಯ ಅಮೆರಿಕದ ವಿಭಾಗ 2003ರಲ್ಲಿ ದಿವಾಳಿ ರಕ್ಷಣೆ ಕೋರಿತು. ಡಾಟ್-ಕಾಂ ಕುಸಿತದಲ್ಲಿ ಗ್ರಾಹಕರು ಹೋದರು, ಬಾಡಿಗೆ ಉಳಿಯಿತು. ವೀವರ್ಕ್ 2019ರಲ್ಲಿ ಷೇರು ಮಾರಾಟಕ್ಕೆಂದು ಸಲ್ಲಿಸಿದ ದಾಖಲೆಯಲ್ಲಿ ಮುಂದೆ ಕಟ್ಟಬೇಕಾದ ಬಾಡಿಗೆ ಸುಮಾರು 47 ಶತಕೋಟಿ ಡಾಲರ್ ಇತ್ತು, ಗ್ರಾಹಕರು ಒಪ್ಪಿಕೊಂಡಿದ್ದ ಮುಂದಿನ ಆದಾಯ ಸುಮಾರು 4 ಶತಕೋಟಿ. 2023ರ ನವೆಂಬರಿನಲ್ಲಿ ಅದೂ ದಿವಾಳಿ ರಕ್ಷಣೆಗೆ ಹೋಯಿತು. ಭಾರತದ ವೀವರ್ಕ್ ಬೇರೆಯದೇ ಕಂಪನಿ, ಆ ಪ್ರಕ್ರಿಯೆಯಲ್ಲಿ ಅದು ಸೇರಿರಲಿಲ್ಲ.

ನಮ್ಮ ಮೈಸೂರಿನ ಮಹಡಿಗೆ ಹಾಗಾದರೆ ದಾರಿಯಿಲ್ಲವೇ? ಇದೆ, ಆದರೆ ಅದು ಭರ್ತಿಯ ಅಂಕಿಯನ್ನು ಹಿಗ್ಗಿಸುವುದರಲ್ಲಿ ಇಲ್ಲ. ಕುರ್ಚಿಯನ್ನೇ ಬಳಸದ ಆದಾಯ ಒಂದು: ಕಂಪನಿ ನೋಂದಣಿಗೆ, ಜಿಎಸ್‌ಟಿಗೆ ವಿಳಾಸವಷ್ಟೇ ಬೇಕಾದವರಿಗೆ ಕೊಡುವ ವರ್ಚುವಲ್ ಆಫೀಸು, ಗಂಟೆ ಲೆಕ್ಕದ ಮೀಟಿಂಗ್ ರೂಮು. ಇವುಗಳಿಂದ ತಿಂಗಳಿಗೆ 35,000 ಬಂದರೆ 6,500ರ ದರದಲ್ಲೂ 59ರ ಬದಲು 53 ಕುರ್ಚಿ ಸಾಕು.

ಇನ್ನೊಂದು, ಮಾಲೀಕರ ಜೊತೆಗಿನ ಕರಾರು. ಕಟ್ಟಡ ಬಹುಕಾಲ ಖಾಲಿ ಬಿದ್ದಿದ್ದರೆ ‘ತಿಂಗಳಿಗೆ 80,000 ಅಥವಾ ಆದಾಯದ ಶೇ 37, ಯಾವುದು ಹೆಚ್ಚೋ ಅದು’ ಎಂಬಂಥ ಮಾತಿಗೆ ಮಾಲೀಕರು ಒಪ್ಪಬಹುದು. ಜಾಗ ಪೂರ್ತಿ ತುಂಬಿದಾಗ ಅವರಿಗೆ ಸಿಗುವುದು ಹೆಚ್ಚುಕಡಿಮೆ ಹಳೆಯ 1,44,000ವೇ. ಹಾಗಾಗಿ ಗಿಟ್ಟುವ ಮಟ್ಟ ಹೆಚ್ಚೇನೂ ಕೆಳಗಿಳಿಯುವುದಿಲ್ಲ, ಆ ಭ್ರಮೆ ಬೇಡ. ಇಳಿಯುವುದು ಆರಂಭದ ನಷ್ಟ: 30 ಕುರ್ಚಿ ತುಂಬಿದ ತಿಂಗಳಲ್ಲಿ 1,66,000 ಇದ್ದ ಕೊರತೆ 1,02,000ಕ್ಕೆ ಬರುತ್ತದೆ. ಒಳಾಂಗಣ ಮುಗಿಯುವವರೆಗೆ ಬಾಡಿಗೆ ವಿನಾಯಿತಿ, ಅಡ್ವಾನ್ಸ್ ಹತ್ತರ ಬದಲು ಆರು ತಿಂಗಳು, ಲಾಕ್-ಇನ್ ಅವಧಿ ಚಿಕ್ಕದು, ಇವೆಲ್ಲವನ್ನೂ ಸಹಿ ಹಾಕುವ ಮೊದಲೇ ಕೇಳಬೇಕು. ಆಮೇಲೆ ಕೇಳಿದರೆ ಸಿಗುವುದಿಲ್ಲ. ಅದೇ ಕರಾರಿನಲ್ಲಿ ಮೂರು ವರ್ಷಕ್ಕೊಮ್ಮೆ ಶೇ 15 ಏರಿಕೆಯ ಸಾಲಿದ್ದರೆ ಅದನ್ನೂ ಹಾಳೆಗೆ ತರಬೇಕು. ಹಳೆಯ ನಿಗದಿತ ಬಾಡಿಗೆಯಲ್ಲಿ ಅದು ತಿಂಗಳಿಗೆ 21,600. ಕುರ್ಚಿಯ ದರ ಏರಿಸಲಾಗದಿದ್ದರೆ ನಾಲ್ಕನೇ ವರ್ಷದಿಂದ ಇನ್ನೂ ನಾಲ್ಕು ಕುರ್ಚಿ ಹೆಚ್ಚು ತುಂಬಬೇಕು.